ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕ ಕಿರಾಣಿ ಅಂಗಡಿ ಬುತ್ತಿ

ನಮ್ಮ ತಂಗಿ ಮಗಳು ಹೈದರಾಬಾದದಾಗ ನೌಕರಿ ಮಾಡ್ತಾಳ. ಅಲ್ಲಿ ಪ್ರತಿ ವರ್ಷ ಆಗಸ್ಟ್ ತಿಂಗಳದಾಗ ದೊಡ್ಡ ಮ್ಯಾರಥಾನ್ ಓಟ ನಡೀತದ. ಅದರಾಗಿನ ಅರ್ಧ ಓಟಕ್ಕ, ಅಂದ್ರ 21 ಕಿಲೋಮೀಟರಿಗೆ, ಈಕಿ ಹೆಸರು ಹಚ್ಚಿದ್ಲು. ಹುಸೇನ್ ಸಾಗರದ ದಂಡಿಯಿಂದ ಗಚ್ಚಿಬೌಲಿ ತನಕ ಓಡೋದು, ನಡುವ ಫ್ಲೈಓವರ್ ಏರೋದು ಇಳಿಯೋದು. ಈಕಿ ನಡಿಗಿಗೆ ಎರಡೂವರೆ ತಾಸಿನ ಹಾದಿ. ಓಟ ಮುಗಿಸಿ ಬಂದ ಮ್ಯಾಲ ನಮ್ಮ ವೈನಿ, ಬಾಜೂ ಮನಿಯವರು, ಶಹಾಪುರದ ಚಿಗವ್ವ ಎಲ್ಲಾರೂ ಫೋನ್ ಮಾಡಿ ಒಂದ ಮಾತು ಕೇಳಿದ್ರು: "ಹುಡುಗಿಗಿ ಏನು ತಿನಿಸಿ ಕಳಿಸಿದ್ರಿ?" ಒಬ್ಬೊಬ್ಬರಿಗೆ ಹೇಳೋಕಿಂತ ಇಲ್ಲೇ ಬರದುಬಿಡ್ತೀನಿ. ನಿಮ್ಮ ಮನ್ಯಾಗೂ ಓಡೋ ಮಕ್ಕಳು ಅದಾರ.

ಮೊದಲ ಮಾತು, ಅಕಿ ಗೆಳತ್ಯಾರೆಲ್ಲ "ಜೆಲ್" ಅಂತ ಸಣ್ಣ ಪಾಕೀಟು ತಗೋತಾರ. ನೂರು ರೂಪಾಯಿ ಮ್ಯಾಲ ಬೀಳ್ತದ ಒಂದೊಂದಕ್ಕ. ಅಕಿ ಒಂದು ಪಾಕೀಟು ತಂದು ನನ್ನ ಕೈಗೆ ಕೊಟ್ಟಾಗ ಹಿಂದ ಬರದದ್ದು ಓದಿದೆ. ಇಪ್ಪತ್ತೈದು ಗ್ರಾಮಿನಷ್ಟು ಸಕ್ರಿ ಜಾತಿ ಪದಾರ್ಥ, ಚಿಟಿಕಿ ಉಪ್ಪು, ಮತ್ತ ವಾಸನಿ. ಅಷ್ಟ. ಅಷ್ಟೇ ಸಕ್ರಿ ಒಂದು ದೊಡ್ಡ ಬಾಳಿಹಣ್ಣಿನಾಗ ಅದ, ನಾಕು ಖಜೂರಿಯೊಳಗ ಅದ, ಲಿಂಬಿಕಾಯಿ ಗಾತ್ರದ ಬೆಲ್ಲದ ಹೆಂಟಿಯೊಳಗ ಅದ, ಆರು ಪಾರ್ಲೆ-ಜಿ ಬಿಸ್ಕೀಟಿನಾಗೂ ಅದ. ಜೆಲ್ಲಿನ ಹೆಚ್ಚುಗಾರಿಕಿ ಏನಂದ್ರ ಅಗಿಯೋದು ಬ್ಯಾಡ, ಹಿಡಿಯೋದು ಸಸಾರ. ಅದಕ್ಕ ನಾವು ಮಾಡಬೇಕಾದ್ದು ಅಂಗಡಿ ಸಾಮಾನಿಗೆ ಆ ಗುಣ ತರೋದು.

ಆದ್ರ ಏನು ತಿನ್ನಬೇಕು ಅನ್ನೋಕಿಂತ ಮೊದಲು ಅದು ಎಲ್ಲಿಗೆ ಹೋಗ್ತದ ಅಂತ ತಿಳೀಬೇಕು. ನಮ್ಮ ಹಿರೇರು ಜ್ವಾಳ ತುಂಬಿಡಾಕ ಹಗೇವು ಮಾಡ್ತಿದ್ರಲ್ಲ, ಹಂಗ ಮೈಯಾಗೂ ಎರಡು ಹಗೇವು ಅವ. ಒಂದು ಕಾಲಿನ ಮಾಂಸದಾಗ. ಇದು ದೊಡ್ಡದು. ನಾವು ಉಂಡ ಅನ್ನ, ರೊಟ್ಟಿ, ಸಕ್ರಿ ಎಲ್ಲಾ ಅಲ್ಲಿ ಹೋಗಿ ಕೂಡ್ತದ, ಆದ್ರ ಒಮ್ಮೆ ಒಳಗ ಹೋತಂದ್ರ ಆ ಕಾಲಿಗಷ್ಟ ಅದು ಉಪಯೋಗ, ಬ್ಯಾರೆ ಕಡೆ ಕೊಡಾಂಗಿಲ್ಲ. ಇನ್ನೊಂದು ಯಕೃತ್ತಿನಾಗ, ಅಂದ್ರ ಲಿವರಿನಾಗ. ಇದು ಸಣ್ಣದು, ಹೆಚ್ಚಂದ್ರ ನೂರು ಗ್ರಾಮ್ ಹಿಡೀತದ. ಆದ್ರ ರಕ್ತಕ್ಕ, ತಲಿಗೆ ಸಕ್ರಿ ಕೊಡೋದು ಇದೇ. ರಾತ್ರಿ ನಾವು ಮಲಗಿದಾಗ ಕಾಲಿನ ಹಗೇವು ಹಂಗ ಇರ್ತದ, ಯಾಕಂದ್ರ ಕಾಲು ದುಡಿಯಾಂಗಿಲ್ಲ. ತಲಿ ಮಾತ್ರ ರಾತ್ರಿಪೂರ್ತಿ ದುಡೀತದ, ಅದಕ್ಕ ಮುಂಜಾನೆದ್ದಾಗ ಲಿವರಿನ ಹಗೇವು ತಳ ಕಂಡಿರ್ತದ.

ಇದೊಂದು ತಿಳಿದ್ರ ಉಳಿದದ್ದೆಲ್ಲ ತಾನ ಬರ್ತದ. ಹಿಂದಿನ ದಿನದ ಊಟ ಕಾಲಿಗೆ. ಮುಂಜಾನಿ ತಿನಿಸು ಲಿವರಿಗೆ. ಓಡುವಾಗ ತಿನ್ನೋದು ಎರಡೂ ಬರಿದಾಗೋದನ್ನ ತಡ ಮಾಡಾಕ. ಓಡಿದ ಮ್ಯಾಲೆ ತಿನ್ನೋದು ಎರಡನ್ನೂ ಮತ್ತ ತುಂಬಾಕ.

ಜುಲೈ ತಿಂಗಳು ಅಕಿ ಮನಿಯಿಂದ ಕೆಲಸ ಮಾಡ್ತೀನಂತ ಊರಿಗೆ ಬಂದಿದ್ಲು. ಪ್ರತಿ ಐತವಾರ ನಸುಕಿನ್ಯಾಗ ಅಬ್ಬೆತುಮಕೂರಿನಿಂದ ಯಾದಗಿರಿ ರಸ್ತಿ ಹಿಡಿದು ಓಡಿ ಹೊಳ್ಳಿ ಬರ್ತಿದ್ಲು. ನಮ್ಮ ಮನಿಯವರು ಗಾಡಿ ಮ್ಯಾಲ ಹಿಂದಿಂದ. ಆ ಐತವಾರಗಳೇ ನಮಗ ಪರೀಕ್ಷಾ ಆದ್ವು.

ಮೊದಲನೇ ಐತವಾರ ಅಕಿ ತನ್ನ ಮನಸಿನಂಗ ಮಾಡಿದ್ಲು. ರಾತ್ರಿ ಎರಡು ಜ್ವಾಳದ ರೊಟ್ಟಿ, ಹೆಸರುಕಾಳು ಪಲ್ಯ, ಮ್ಯಾಲ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಮುಂಜಾನಿ ಬರೇ ಒಂದು ಕಪ್ಪು ಚಹಾ. ಹದಿನಾಲ್ಕು ಕಿಲೋಮೀಟರ್ ಛಂದ ಓಡಿದ್ಲಂತ. ಆಮ್ಯಾಲ ಕಾಲಿಗೆ ಕಲ್ಲು ಕಟ್ಟಿದಂಗ ಆತು, ತಣ್ಣಗ ಬೆವರು ಬಂತು, ಕಣ್ಣಿಗೆ ಕತ್ತಲಿ ಬಂದು ರಸ್ತಿ ದಂಡಿಗೆ ಕುಂತ್ಲು. ಗಾಡಿ ಮ್ಯಾಲ ಬಂದವರು ಏನಾತು ಅಂತ ಕೇಳಿದ್ರ ಅವರ ಮ್ಯಾಲೇ ಸಿಟ್ಟು ಮಾಡಿದ್ಲು. ಇದೂ ಒಂದು ಗುರುತು ನೋಡ್ರಿ. ರಕ್ತದಾಗ ಸಕ್ರಿ ಇಳದಾಗ ಸುಮ್ಮನಿದ್ದವರೂ ಸಿಡಿಮಿಡಿ ಆಗ್ತಾರ, ಕೇಳಿದ ಮಾತಿಗೆ ಉತ್ತರ ಹೊಂದಾಂಗಿಲ್ಲ. ಆ ಹೊತ್ತಿನ್ಯಾಗ ನೀರು ಕೊಟ್ರ ಉಪಯೋಗ ಇಲ್ಲ, ಸಕ್ರಿ ಕೊಡಬೇಕು. ನಮ್ಮವರ ಕಿಸೆದಾಗ ಇದ್ದ ಒಂದು ತುಣುಕು ಬೆಲ್ಲ ಕೊಟ್ಟು ಹತ್ತು ಹದಿನೈದು ನಿಮಿಷ ಕುಂದ್ರಿಸಿದ್ರು, ಆಮ್ಯಾಲ ಮಾರಿ ಮ್ಯಾಲ ಕಳಿ ಬಂತು.

ಜ್ವಾಳದ ರೊಟ್ಟಿ ಕೆಟ್ಟದ್ದಲ್ಲ, ಅದನ್ನ ಉಂಡೇ ನಾವು ಬೆಳದೀವಿ. ಆದ್ರ ಅದರಾಗ ನಾರು ಹೆಚ್ಚು, ಕಾಳು ಪಲ್ಯದಾಗೂ ನಾರು, ಶೇಂಗಾದಾಗ ಎಣ್ಣಿ. ಇವು ಹೊಟ್ಟಿಯೊಳಗ ಭಾಳ ಹೊತ್ತು ನಿಲ್ತಾವ. ದಿನಾ ಹೊಲಕ್ಕ ಹೋಗೋರಿಗೆ ಅದು ವರ, ನಸುಕಿನ್ಯಾಗ ಜಿಗದಾಡಿಕೋತ ಓಡೋರಿಗೆ ಅದು ಭಾರ. ಓಡುವಾಗ ರಕ್ತ ಎಲ್ಲಾ ಕಾಲಿಗೆ ಹರೀತದ, ಹೊಟ್ಟಿಗೆ ಕಡಿಮಿ ಬರ್ತದ. ಒಳಗ ಉಳಿದ ನಾರು, ಎಣ್ಣಿ ಅಲ್ಲೇ ಕುಂತು ಗಡಬಡ ಮಾಡ್ತಾವ. ಅದಕ್ಕ ಓಟದ ಹಿಂದಿನ ಒಂದು ದಿನ ಮಾತ್ರ ರೊಟ್ಟಿ, ಸೊಪ್ಪು, ಕಾಳು, ಕರದದ್ದು ಬದಿಗಿಡೋದು. ಬಿಳಿ ಅನ್ನ, ತೆಳ್ಳನ ತೊಗರಿ ಬ್ಯಾಳಿ ಸಾರು, ಒಂದು ಚಮಚ ತುಪ್ಪ, ಮೊಸರು. ಮಧ್ಯಾಹ್ನ ಸ್ವಲ್ಪ ಜಾಸ್ತಿ ಉಣ್ಣೋದು, ರಾತ್ರಿ ಏಳರೊಳಗ ಹಿಡಿತಲೆ ಉಣ್ಣೋದು. ರಾತ್ರಿ ಬಿರಿಯ ಉಂಡ್ರ ಕಾಲು ತುಂಬಾಂಗಿಲ್ಲ, ನಿದ್ದಿ ಕೆಡ್ತದ ಅಷ್ಟ.

ಎರಡನೇ ಐತವಾರ ಅಕಿ ಗೆಳತಿ ಹೇಳಿದ್ದು ಕೇಳಿ ಅರ್ಧ ಲೀಟರ್ ಬಾಟಲಿಗೆ ಗ್ಲುಕೋಸ್ ಪುಡಿ ದೊಡ್ಡ ಚಮಚದಿಂದ ಎಂಟು ಹಾಕ್ಕೊಂಡು ಹೋದ್ಲು. ಎಂಟನೇ ಕಿಲೋಮೀಟರಿಗೆ ಹೊಟ್ಟಿ ಗುಳುಗುಳು, ಹತ್ತಕ್ಕ ನುಲಿ, ಹನ್ನೊಂದಕ್ಕ ಗಾಡಿ ಮ್ಯಾಲ ಮನಿಗೆ. ಕಾರಣ ಸರಳ ಅದ. ಶರಬತ್ತು ಭಾಳ ಗಟ್ಟಿ ಇದ್ರ ಕರುಳು ಅದನ್ನ ಹೀರೋಕಿಂತ ಮೊದಲು ತೆಳ್ಳಗ ಮಾಡಬೇಕು, ಅದಕ್ಕ ಮೈಯಾಗಿನ ನೀರನ್ನೇ ಎಳಕೋತದ. ನೀರು ಸಿಗಲಂತ ಕುಡಿದ್ರ ಇದ್ದ ನೀರೂ ಕರುಳಿಗೆ ಹೋತು. ಹೊಟ್ಟಿಯೊಳಗ ನೀರು ಅಳ್ಳಾಡಿದ ಸಪ್ಪಳ ಕೇಳಿಸಿದ್ರ ತಿಳ್ಕೊಬೇಕು, ಒಂದೋ ಗಟ್ಟಿ ಆಗಿದೆ, ಇಲ್ಲಾ ಒಮ್ಮಿಗೇ ಭಾಳ ಕುಡಿದಾಗಿದೆ. ಆಗ ಒಂದೆರಡು ಕಿಲೋಮೀಟರ್ ನಿಧಾನಕ ಹೋಗಿ ಬರೇ ನೀರು ಗುಟುಕ್ ಗುಟುಕ್ ಕುಡಿಯೋದು, ಅದು ತಾನ ಇಳೀತದ.

ಶರಬತ್ತಿನ ಲೆಕ್ಕ ನಾನು ಹಿಂಗ ಮಾಡಿದೆ. ಅರ್ಧ ಲೀಟರ್ ನೀರು. ಸಕ್ರಿ ಮೂವತ್ತು ಗ್ರಾಮ್, ಅಂದ್ರ ಚಹಾ ಚಮಚದಿಂದ ಮಟ್ಟಸವಾಗಿ ಏಳು ಚಮಚ. ಉಪ್ಪು ಚಹಾ ಚಮಚದ ಎಂಟರಾಗ ಒಂದು ಪಾಲು, ಮೂರು ಬಟ್ಟಿನ ಒಂದು ಚಿಟಿಕಿ ಅನ್ನಬಹುದು. ಅರ್ಧ ಲಿಂಬಿಹಣ್ಣಿನ ರಸ, ಬೀಜ ಸೋಸಿ. ನಾಲಿಗಿ ಮ್ಯಾಲ ಇಟ್ರ ನಾವು ಬಂದವರಿಗೆ ಕೊಡೋ ಶರಬತ್ತಿಗಿಂತ ಸಪ್ಪನ್ನಿರಬೇಕು. ಕಣ್ಣೀರಿಗಿಂತ ಉಪ್ಪಾಗಬಾರದು. ಸಿಹಿ ಹೆಚ್ಚು ಬೇಕನಿಸಿದ್ರ ಗಟ್ಟಿ ಮಾಡಬ್ಯಾಡ್ರಿ, ತಿನ್ನೋದನ್ನ ಬ್ಯಾರೆ ಕೊಡ್ರಿ.

ಆ ತಿನ್ನೋದೇ ಉಂಡಿ. ಮೂರು ಉಂಡಿಗೆ ಬೀಜ ತಗದ ಮೆತ್ತನ ಖಜೂರಿ 75 ಗ್ರಾಮ್, ಬೆಲ್ಲದ ಪುಡಿ 25 ಗ್ರಾಮ್, ಉಪ್ಪು ಒಂದು ಚಿಟಿಕಿ. ಮೂರನ್ನೂ ಕಲ್ಲಿನ್ಯಾಗ ಕುಟ್ಟಿ, ಕೈಗೆ ನೀರು ಹಚ್ಚದಂಗ ಉಂಡಿ ಕಟ್ಟೋದು. ನೀರು ತಾಗಿದ್ರ ಕೆಡ್ತದ. ಮಿಠಾಯಿ ಸುತ್ತಿದಂಗ ಒಂದೊಂದನ್ನೂ ಸಣ್ಣ ಪ್ಲಾಸ್ಟಿಕ್ ಹಾಳ್ಯಾಗ ಸುತ್ತಿ ತುದಿ ತಿರುವೋದು. ಒಂದು ಉಂಡಿಗೆ ಇಪ್ಪತ್ತಾರು ಗ್ರಾಮಿನಷ್ಟು ಸಕ್ರಿ ಅಂಶ ಬಂತು, ಅಂದ್ರ ಒಂದು ಜೆಲ್. ಹಲ್ಲಿಗೆ ಕೆಲಸ ಇಲ್ಲ, ಬಾಯಾಗ ಇಟ್ಟು ಎರಡು ಗುಟುಕು ನೀರು ಕುಡಿದ್ರ ಕರಗ್ತದ. ತುಪ್ಪ, ಗೋಡಂಬಿ, ಕೊಬ್ಬರಿ ಹಾಕಬ್ಯಾಡ್ರಿ, ರುಚಿ ಬರ್ತದ ಖರೇ, ಆದ್ರ ಎಣ್ಣಿ ಜಿಡ್ಡು ಹೊಟ್ಟಿ ಖಾಲಿ ಆಗೋದನ್ನ ತಡ ಮಾಡ್ತದ. ಶೇಂಗಾ ಚಿಕ್ಕಿನೂ ಅದಕ್ಕೇ ಬ್ಯಾಡ, ಮತ್ತ ಏದುಸಿರು ಬಿಡುವಾಗ ಅದರ ನುಚ್ಚು ಶ್ವಾಸದ ನಳಿಗಿ ಹೋಗೋ ಅಂಜಿಕಿ ಇರ್ತದ. ಗಟ್ಟಿ ಪೆಪ್ಪರಮೆಂಟೂ ಹಂಗೇ, ಓಡುವಾಗ ಬಾಯಾಗ ಇಟ್ಕೊಳ್ಳೋದಲ್ಲ.

ಎಷ್ಟು ತಿನ್ನಬೇಕು ಅಂದ್ರ ಒಂದೂವರೆ ತಾಸಿನೊಳಗ ಮುಗಿಯೋ ಓಟಕ್ಕ ನಡುವ ಏನೂ ಬ್ಯಾಡಂದ್ರೂ ನಡೀತದ. ಎರಡು, ಎರಡೂವರೆ ತಾಸಿಗೆ ತಾಸಿಗೆ ಮೂವತ್ತು ಗ್ರಾಮ್ ಸುತ್ತಮುತ್ತ ಸಕ್ರಿ ಅಂಶ ಸಾಕು. ಭಾಳ ಜೋರು ಓಡೋರು, ಇನ್ನೂ ಉದ್ದ ಓಡೋರು ಅರವತ್ತರ ತನಕ ಹೋಗ್ತಾರ, ಆದ್ರ ಅದಕ್ಕ ಹೊಟ್ಟಿಗೆ ರೂಢಿ ಬೇಕು. ರೂಢಿ ಆಗೋದು ಓಡಿ, ತಿಂದು ನೋಡಿದಾಗ.

ಇನ್ನು ಓಆರ್‌ಎಸ್ ಮಾತು. ಭಾಳ ಮಂದಿ "ಓಆರ್‌ಎಸ್ ಕುಡಿದ್ರ ಶಕ್ತಿ ಬರ್ತದ" ಅಂತಾರ. ಜಾಗತಿಕ ಆರೋಗ್ಯ ಸಂಸ್ಥೆ ಹೇಳಿದ ಖರೇ ಓಆರ್‌ಎಸ್‌ನಾಗ ಒಂದು ಲೀಟರಿಗೆ ಗ್ಲುಕೋಸ್ ಬರೇ 13.5 ಗ್ರಾಮ್ ಇರ್ತದ. ಅರ್ಧ ಬಾಳಿಹಣ್ಣಿನಷ್ಟ. ಅದು ವಾಂತಿ ಭೇದಿ ಆದವರಿಗೆ ಉಪ್ಪು ನೀರು ಒಳಗ ಕಳಿಸಾಕ ಮಾಡಿದ್ದು, ಓಡೋರಿಗೆ ಊಟ ಕೊಡಾಕ ಅಲ್ಲ. ಬೆವರು ಭಾಳ ಹೋದವರಿಗೆ ಓಟ ಆದ ಮ್ಯಾಲ ಛಲೋ, ಆದ್ರ ಅದೊಂದನ್ನೇ ನಂಬಿ ಓಡಿದ್ರ ಹದಿನಾಲ್ಕನೇ ಕಿಲೋಮೀಟರಿಗೆ ಮತ್ತ ಕುಂದ್ರೋದೇ. ಅಂಗಡಿಯೊಳಗ ಡಬ್ಬಿಯಾಗ ಸಿಗೋ, ಓಆರ್‌ಎಸ್ ಅಂತ ಹೆಸರಿಟ್ಟ ಸಿಹಿ ಪಾನಕಗಳು ಬ್ಯಾರೇನ ಇದ್ವು, ಅವುದರಾಗ ಸಕ್ರಿ ಭಾಳ. ಹೈದರಾಬಾದದ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಅವರು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ರು. 2025ರ ಅಕ್ಟೋಬರದಾಗ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದವರು ಇಂಥಾ ಪಾನಕಕ್ಕ ಓಆರ್‌ಎಸ್ ಅನ್ನೋ ಹೆಸರು ಹಚ್ಚಬಾರದು ಅಂತ ಆದೇಶ ಮಾಡಿದ್ರು. ಅದಕ್ಕ ಮೆಡಿಕಲ್‌ನಾಗ ಪುಡಿ ಪಾಕೀಟು ತಗೊಂಡು ಅದರ ಮ್ಯಾಲ ಜಾಗತಿಕ ಆರೋಗ್ಯ ಸಂಸ್ಥೆ ಲೆಕ್ಕದ್ದು ಅಂತ ಬರದದನಾ ನೋಡ್ರಿ.

ನೀರಿನ ವಿಷಯದಾಗ ನಮ್ಮ ಕಡೆ ಹೆಣ್ಣುಮಕ್ಕಳು ಪ್ರೀತಿಯಿಂದ ತಪ್ಪು ಹೇಳ್ತೀವಿ. "ಕುಡಿಯವ್ವ, ಇನ್ನೊಂದು ಗ್ಲಾಸ್ ಕುಡಿ" ಅಂತ. ಹೆಚ್ಚು ಕುಡಿದ್ರೂ ಆಪತ್ತು ಅದ. ರಕ್ತದಾಗಿನ ಉಪ್ಪು ತೆಳ್ಳಗಾಗ್ತದ. ಅಮೆರಿಕಾದ ಬೋಸ್ಟನ್ ಮ್ಯಾರಥಾನ್‌ನಾಗ 2002ರಾಗ ಓಡಿ ಮುಗಿಸಿದ 488 ಮಂದಿ ರಕ್ತ ಪರೀಕ್ಷಾ ಮಾಡಿದ್ರ ನೂರಕ್ಕ ಹದಿಮೂರು ಮಂದಿಗೆ ಉಪ್ಪು ಇಳದಿತ್ತು. ಓಡುವಾಗ ಅತಿಯಾಗಿ ಕುಡಿದು ತೂಕ ಹೆಚ್ಚಾದವರಿಗೇ ಇದು ಹೆಚ್ಚು ಕಂಡಿತು. ನಿಧಾನಕ ಓಡಿ, ಪ್ರತಿ ಟೇಬಲ್ಲಿಗೂ ನಿಂತು ಕುಡಿಯೋರಿಗೆ ಇದರ ಅಂಜಿಕಿ ಜಾಸ್ತಿ. ಕೈಬಟ್ಟು ಬೀಗಿ ಉಂಗುರ ಬಿಗಿಯಾದ್ರ, ತಲಿ ಸಿಡಿದ್ರ, ಓಕರಿಕಿ ಬಂದ್ರ, ಓಡಿ ಬಂದ ಮ್ಯಾಲ ತೂಕ ಹೆಚ್ಚಾಗಿದ್ರ ಮತ್ತ ನೀರು ಕೊಡಬ್ಯಾಡ್ರಿ. ಮಾತು ತೊದಲಿದ್ರ, ಎಚ್ಚರ ತಪ್ಪೋಹಂಗಾದ್ರ ತಡ ಮಾಡದ ದವಾಖಾನಿಗೆ ಒಯ್ಯೋದು.

ಎಷ್ಟು ಕುಡೀಬೇಕು ಅನ್ನೋದಕ್ಕ ತಕ್ಕಡಿಯೇ ಗುರು. ಮೂರನೇ ಐತವಾರ ಅಕಿಯನ್ನ ಓಡಾಕ ಹೋಗೋ ಮೊದಲು, ಬಂದ ಮ್ಯಾಲ ಬೆವರು ಒರಿಸಿ, ಎರಡೂ ಸಲ ತೂಕ ನೋಡಿದ್ವಿ. ಮೊದಲು 55 ಕಿಲೋ, ಬಂದ ಮ್ಯಾಲ 54 ಕಿಲೋಕ್ಕ ಸ್ವಲ್ಪ ಹೆಚ್ಚು. ನಡುವ ಅರ್ಧ ಲೀಟರ್ ಶರಬತ್ತು, ಅರ್ಧ ಲೀಟರ್ ನೀರು ಕುಡಿದಿದ್ಲು. ಒಂದು ಕಿಲೋದ ಒಳಗ ಇಳದ್ರ ತೊಂದರಿ ಇಲ್ಲ, ಬಾಯಾರಿದಾಗ ಕುಡಿದದ್ದು ಸರಿ ಆತು ಅಂತ ಅರ್ಥ. ಒಂದೂವರೆ ಕಿಲೋಕಿಂತ ಹೆಚ್ಚು ಇಳದಿದ್ರ ಮುಂದಿನ ಸಲ ಸ್ವಲ್ಪ ಜಾಸ್ತಿ ಕುಡೀಬೇಕಿತ್ತು. ಅಕಿ ಕರೇ ಬನಿಯನ್ ಮ್ಯಾಲ ಒಣಗಿದಾಗ ಬಿಳಿ ಗೆರಿ ಮೂಡಿದ್ವು. ಹಂಗ ಮೂಡೋರಿಗೆ ಬೆವರಿನ್ಯಾಗ ಉಪ್ಪು ಹೆಚ್ಚು ಹೋಗ್ತದ, ಅದಕ್ಕ ಶರಬತ್ತಿನ ಚಿಟಿಕಿ ಬಿಡಬಾರದು.

ಆಗಸ್ಟಿನ ಓಟದ ದಿನ ಹಿಂಗ ನಡೀತು. ಅಕಿ ಹಾಸ್ಟೆಲಿನ್ಯಾಗ ಒಲಿ ಇಲ್ಲ, ಅದಕ್ಕ ಎಲ್ಲಾ ಅಂಗಡಿ ಸಾಮಾನ. ಶನಿವಾರ ಮಧ್ಯಾಹ್ನ ಅನ್ನ ಸಾರು, ಸಂಜಿಗೆ ಎರಡು ಬಾಳಿಹಣ್ಣು, ರಾತ್ರಿ ಮೊಸರನ್ನ. ಅಕಿ ಓಟ ಆರು ಗಂಟೇಕ್ಕ ಇತ್ತು, ಅದಕ್ಕ ಮೂರೂವರೆಗೆ ಎದ್ದಳು. ನಾಕು ಹೋಳು ಬಿಳಿ ಬ್ರೆಡ್ಡು, ಅದಕ್ಕ ಜಾಮ್, ಒಂದು ಬಾಳಿಹಣ್ಣು, ಫ್ಲಾಸ್ಕಿನ್ಯಾಗಿನ ಅರ್ಧ ಕಪ್ಪು ಚಹಾ, ಒಂದು ಗ್ಲಾಸ್ ನೀರು. ಇದು ತೊಂಬತ್ತು ಗ್ರಾಮಿನಷ್ಟು ಆತು, ಲಿವರಿನ ಹಗೇವು ತುಂಬಾಕ ಸಾಕು. ಓಟಕ್ಕ ಎರಡು ತಾಸು ಅಂತರ ಇದ್ದದ್ದಕ್ಕ ಹೊಟ್ಟಿ ಇಳೀತು, ಶೌಚಕ್ಕೂ ಹೋಗಿ ಬಂದ್ಲು. ಆಮ್ಯಾಲ ಐದೂಮುಕ್ಕಾಲರ ತನಕ ಬರೇ ನೀರಿನ ಗುಟುಕು. ಕೆಲವರಿಗೆ ಓಟಕ್ಕ ಅರ್ಧ ಮುಕ್ಕಾಲು ತಾಸು ಮೊದಲು ಸಿಹಿ ತಿಂದ್ರ ಸಕ್ರಿ ಒಮ್ಮೆ ಏರಿ, ಓಟ ಶುರುವಾದಾಗ ದಪ್ಪಂತ ಇಳೀತದ. ಅದಕ್ಕ ನಡುವ ಬಾಯಿ ಕಟ್ಟೋದು, ನಿಲ್ಲಾಕ ಹೋದಾಗ ಎರಡು ಖಜೂರಿ ತಿನ್ನೋದು. ಓಡಾಕ ಹತ್ತಿದ ಮ್ಯಾಲ ಆ ಭಯ ಇಲ್ಲ.

ನಲವತ್ತು ನಿಮಿಷಕ್ಕ ಮೊದಲನೇ ಉಂಡಿ, ನೀರಿನ ಟೇಬಲ್ ಕಾಣೋ ಹೊತ್ತಿಗೆ. ಹಸಿವಾಗೋ ತನಕ ಕಾಯಬಾರದು, ತಿಂದದ್ದು ರಕ್ತಕ್ಕ ಬರಾಕ ಹದಿನೈದು ಇಪ್ಪತ್ತು ನಿಮಿಷ ಬೇಕು. ಒಂದೂಕಾಲು ತಾಸಿಗೆ ಎರಡನೇ ಉಂಡಿ. ನಡುನಡುವ ಶರಬತ್ತು ಗುಟುಕು ಗುಟುಕು, ಅದು ಒಂದೂಮುಕ್ಕಾಲು ತಾಸಿಗೆ ಮುಗೀತು. ಎಲ್ಲಾ ಕೂಡಿ ಎಂಬತ್ತು ಗ್ರಾಮಿನ ಮ್ಯಾಲ ಸ್ವಲ್ಪ. ಮೂರನೇ ಉಂಡಿ ಕಿಸೆದಾಗ ಉಳೀತು. ಹದಿನೇಳನೇ ಕಿಲೋಮೀಟರಿನ ಏರಿನ್ಯಾಗ ಕುಂತ ಒಬ್ಬ ಹುಡುಗಿಗೆ ಅದನ್ನ ಕೊಟ್ಟಳಂತ. ಅಕಿ ತಾನು ಎರಡು ತಾಸು ಮೂವತ್ನಾಲ್ಕು ನಿಮಿಷಕ್ಕ ಮುಟ್ಟಿದ್ಲು, ಏರಿನ್ಯಾಗ ನಡೆದದ್ದು ಬಿಟ್ರ ಎಲ್ಲೂ ಕುಂದ್ರಲಿಲ್ಲ.

ಮುಗಿದ ಕೂಡ್ಲೆ ಹಸಿವು ಆಗಾಂಗಿಲ್ಲ, ಬಾಯಿ ಒಲ್ಲೆ ಅಂತದ. ಆಗ ಒತ್ತಾಯ ಮಾಡಬ್ಯಾಡ್ರಿ. ಹತ್ತು ನಿಮಿಷ ಅಡ್ಡಾಡಿ, ಉಪ್ಪು ಹಾಕಿದ ಪಾಕೀಟು ಮಜ್ಜಿಗಿ ಒಂದು, ಅರ್ಧ ತಾಸಿನೊಳಗ ಒಂದು ಬಾಳಿಹಣ್ಣು. ತಾಸಿನೊಳಗ ಸಕ್ರಿ ಅಂಶದ ಜೋಡಿ ಮಾಂಸ ಕಟ್ಟೋ ಪದಾರ್ಥನೂ ಇಪ್ಪತ್ತು ಗ್ರಾಮಿನಷ್ಟು ಹೋಗಬೇಕು. ಎರಡು ಕುದಿಸಿದ ತತ್ತಿ, ಒಂದು ದೊಡ್ಡ ಗ್ಲಾಸ್ ಹಾಲು ಅಂದ್ರ ಆತು. ತತ್ತಿ ತಿನ್ನದವರು ಎರಡು ಹಿಡಿ ಪುಟಾಣಿ, ಜೋಡಿ ಹಾಲು ಇಲ್ಲಾ ಮೊಸರು ತಗೋಬಹುದು. ಅಕಿ ಪುಟಾಣಿ, ಚುನಮರಿ, ಬೆಲ್ಲ ಕೂಡಿಸಿ ತಿಂದು ಮ್ಯಾಲ ಹಾಲು ಕುಡಿದ್ಲು. ಇಳದ ಒಂದು ಕಿಲೋಕ್ಕ ಒಂದೂವರೆ ಲೀಟರ್ ನೀರು ಸಂಜಿ ತನಕ ನಿಧಾನಕ, ಊಟದ ಉಪ್ಪಿನ ಜೋಡಿ. ಮೂತ್ರ ತೆಳ್ಳನ ಹಳದಿ ಆದ್ರ ಸಾಕಾತು ಅಂತ ತಿಳ್ಕೊಳ್ಳೋದು. ಕಾಲು ನೋವಂತ ಖಾಲಿ ಹೊಟ್ಟ್ಯಾಗ, ನೀರು ಹೋದ ಮೈಯಾಗ ನೋವಿನ ಗುಳಗಿ ನುಂಗಬಾರದು, ಮೂತ್ರಪಿಂಡಕ್ಕ ಕೆಟ್ಟದ್ದು.

ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಎಲ್ಲಾ ಅವತ್ತು ರಾತ್ರಿಯಿಂದ ಮತ್ತ ಶುರು. ಆಗ ಹೊಟ್ಟಿಗೆ ಅವಸರ ಇರಾಂಗಿಲ್ಲ, ನಾರು ಎಣ್ಣಿ ತಮ್ಮ ಕೆಲಸ ಮಾಡ್ತಾವ.

ಎರಡು ಮಾತು ಉಳಿದಾವ. ಸಕ್ರಿ ರೋಗ ಇದ್ದವರು, ಬಿಪಿ ಗುಳಗಿ ತಗೊಳ್ಳೋರು ಈ ಲೆಕ್ಕ ಹಿಡಿದು ಓಡಬಾರದು, ತಮ್ಮ ಡಾಕ್ಟರಿಗೆ ಕೇಳಿ ತಮ್ಮ ಲೆಕ್ಕ ಬರಸ್ಕೋಬೇಕು. ಮತ್ತ ಎಂಥಾ ಛಲೋ ವಸ್ತು ಇದ್ರೂ ಓಟದ ದಿನ ಮೊದಲನೇ ಸಲ ತಿನ್ನಬಾರದು. ವೈನಿ, ನಿಮ್ಮ ಮಗ ಮುಂದಿನ ವರ್ಷ ಹೋಗ್ತೀನಂದಾನಲ್ಲ, ಮೂರು ಐತವಾರ ಮೊದಲೇ ಉಂಡಿ ಕಟ್ಟಿ ಓಡಿಸಿ ನೋಡ್ರಿ. ಖಜೂರಿ ಯಾದಗಿರಿ ಬಜಾರದಾಗ ಬಿಡಿಯಾಗಿ ಸಿಗ್ತದ, ಮೆತ್ತನವನ್ನ ಆರಿಸಿ ತಗೊಳ್ರಿ. ಒಣಗಿದ ಉತ್ತತ್ತಿ ಕಲ್ಲಿನ್ಯಾಗ ಕುಟ್ಟಾಕ ಬಗ್ಗಾಂಗಿಲ್ಲ.